ಕೊನೆಯ ವರ್ಷದಲ್ಲಿ ಯಾವ ಮೌಲ್ಯ? ಬೆಳೆಯುವ ಪರ್ಪೆಚುಯಿಟಿಯೋ, ಸಾಲ್ವೇಜೋ

ಯೋಜನೆಯ ನಗದು ಹರಿವನ್ನು ಐದು ವರ್ಷದವರೆಗೆ ಬರೆದು ಮುಗಿಸಿದ ಮೇಲೆ ಐದನೇ ವರ್ಷದ ಕೆಳಗೆ ಇನ್ನೊಂದು ಸಾಲು ಬೇಕಾಗುತ್ತದೆ, ಅದೇ ಟರ್ಮಿನಲ್ ವ್ಯಾಲ್ಯೂ, ಅಂದರೆ ಐದನೇ ವರ್ಷದ ಕೊನೆಗೆ ಯೋಜನೆಯಲ್ಲಿ ಉಳಿದಿರುವ ಮೌಲ್ಯ. ಅಲ್ಲಿಗೆ ಯಾವ ಸೂತ್ರ ಹಾಕಬೇಕು ಎನ್ನುವುದು ಗಣಿತದ ಪ್ರಶ್ನೆ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಅಸಲಿಗೆ ಅದು ಐದನೇ ವರ್ಷ ಮುಗಿದ ಮರುದಿನ ಏನಾಗುತ್ತದೆ ಎನ್ನುವ ಪ್ರಶ್ನೆ. ಕೆಲಸ ನಿಲ್ಲಿಸಿ ಯಂತ್ರ ಮಾರುವುದಾದರೆ ಸಾಲ್ವೇಜ್ ವ್ಯಾಲ್ಯೂ. ಕೆಲಸ ಮುಂದುವರಿಯುವುದಾದರೆ ಪರ್ಪೆಚುಯಿಟಿ, ಅಂದರೆ ಕೊನೆಯಿಲ್ಲದೆ ಬರುತ್ತಲೇ ಇರುವ ಹರಿವಿನ ಮೌಲ್ಯ. ಯಂತ್ರ ಮಾರಿದ ಮೇಲೆ ಅದೇ ಯಂತ್ರದಿಂದ ಆದಾಯ ಬರುವುದಿಲ್ಲ, ಆದ್ದರಿಂದ ಎರಡನ್ನೂ ಕೂಡಿಸುವ ಹಾಗಿಲ್ಲ.

ಒಂದು ಲೆಕ್ಕ ಹಿಡಿದು ನೋಡೋಣ. ಮೊತ್ತಗಳೆಲ್ಲ ಲಕ್ಷಗಳಲ್ಲಿವೆ. ಯಂತ್ರಕ್ಕೆ 1000, ದುಡಿಯುವ ಬಂಡವಾಳಕ್ಕೆ 150, ಒಟ್ಟು ಆರಂಭದ ಹೂಡಿಕೆ 1150. ಸವಕಳಿ ವರ್ಷಕ್ಕೆ 160, ಹಾಗಾಗಿ ಐದು ವರ್ಷದ ಕೊನೆಗೆ ಪುಸ್ತಕ ಮೌಲ್ಯ 200. ಸವಕಳಿ ಕಳೆದ ಮೇಲಿನ ಕಾರ್ಯಾಚರಣೆ ಲಾಭ ಪ್ರತಿ ವರ್ಷ 160, ತೆರಿಗೆ 25%, ಅಂದರೆ ತೆರಿಗೆ ಕಳೆದು 120. ಸವಕಳಿ ಕೈಯಿಂದ ಹೊರಹೋಗುವ ಹಣವಲ್ಲವಾದ್ದರಿಂದ ಅದನ್ನು ಮರಳಿ ಸೇರಿಸಿದರೆ ವರ್ಷದ ನಗದು ಹರಿವು 280. ಡಿಸ್ಕೌಂಟ್ ದರ 12%. ಐದು ವರ್ಷದ 280ರ ವರ್ತಮಾನ ಮೌಲ್ಯ 1009. ಅಂದರೆ ಟರ್ಮಿನಲ್ ವ್ಯಾಲ್ಯೂ ಇಲ್ಲದೆ ಯೋಜನೆ 141 ನಷ್ಟದಲ್ಲಿದೆ. ತೀರ್ಮಾನವೆಲ್ಲ ಆ ಕೊನೆಯ ಸಾಲಿನ ಮೇಲೆ ನಿಂತಿದೆ.

ಮೊದಲು ಸಾಲ್ವೇಜ್. ಯಂತ್ರ 260ಕ್ಕೆ ಮಾರಾಟವಾಗುತ್ತದೆ ಎಂದುಕೊಳ್ಳಿ. ಬರುವ 260 ಪೂರ್ತಿ ನಮ್ಮದಲ್ಲ. ಪುಸ್ತಕ ಮೌಲ್ಯ 200ಕ್ಕಿಂತ ಹೆಚ್ಚು ಬಂದ 60ರ ಮೇಲೆ 25% ತೆರಿಗೆ, ಅಂದರೆ 15 ಹೋಗಿ 245 ಉಳಿಯುತ್ತದೆ. ಯಂತ್ರ 150ಕ್ಕೇ ಮಾರಾಟವಾದರೆ 50 ನಷ್ಟ. ಆ ನಷ್ಟವನ್ನು ತೆರಿಗೆಯಲ್ಲಿ ಕಳೆಯಲು ಸಂಸ್ಥೆಗೆ ಬೇರೆ ಲಾಭವಿದ್ದರೆ 12.5 ಉಳಿತಾಯವಾಗಿ 162.5 ಸಿಗುತ್ತದೆ. ಇಲ್ಲಿ ಚಿಹ್ನೆ ತಪ್ಪುವುದು ಬಹಳ ಸಾಮಾನ್ಯ. ಇನ್ನು ದುಡಿಯುವ ಬಂಡವಾಳ: ಸ್ಟಾಕ್ ಮಾರಿ, ಬಾಕಿ ವಸೂಲಿ ಮಾಡಿದರೆ 150 ವಾಪಸ್. ಹಾಕಿದ್ದ ಹಣವೇ ಮರಳುವುದರಿಂದ ಅದಕ್ಕೆ ತೆರಿಗೆ ಇಲ್ಲ. ಒಟ್ಟು 395, ಅದರ ವರ್ತಮಾನ ಮೌಲ್ಯ 224. ಯೋಜನೆಯ ಎನ್‌ಪಿವಿ, ಅಂದರೆ ಹೂಡಿಕೆ ಕಳೆದ ನಿವ್ವಳ ವರ್ತಮಾನ ಮೌಲ್ಯ, ಸುಮಾರು +83. ಗಣಿಯಂಥ ಯೋಜನೆಯಲ್ಲಿ ಜಾಗ ಸರಿಪಡಿಸುವ ಖರ್ಚು ಇದ್ದರೆ ಅದನ್ನೂ ಇಲ್ಲೇ ಕಳೆಯಬೇಕು. ಆಗ ಸಾಲ್ವೇಜ್ ಋಣಾತ್ಮಕವೂ ಆಗಬಹುದು.

ಈಗ ಪರ್ಪೆಚುಯಿಟಿ. ಸೂತ್ರ ಎಲ್ಲರಿಗೂ ಗೊತ್ತಿರುವುದೇ:

```
TV5 = FCF6 / (r - g)
```

FCF6 ಎಂದರೆ ಆರನೇ ವರ್ಷದ ನಗದು ಹರಿವು, r ಡಿಸ್ಕೌಂಟ್ ದರ, g ಹರಿವಿನ ವಾರ್ಷಿಕ ಬೆಳವಣಿಗೆ ದರ. TV5 ಐದನೇ ವರ್ಷದ ಕೊನೆಯ ಮೌಲ್ಯ. ಮೇಲೆ ಆರನೇ ವರ್ಷದ ಹರಿವಿದ್ದರೂ ಡಿಸ್ಕೌಂಟ್ ಮಾಡಬೇಕಾದದ್ದು ಐದು ವರ್ಷಕ್ಕೆ. ಬೆಳವಣಿಗೆ 4% ಎಂದಿಟ್ಟು ಕಣ್ಣುಮುಚ್ಚಿ ಹಾಕಿದರೆ 280 × 1.04 = 291.2, ಅದನ್ನು 0.08ರಿಂದ ಭಾಗಿಸಿದರೆ 3640. ವರ್ತಮಾನ ಮೌಲ್ಯ 2065, ಎನ್‌ಪಿವಿ ಸುಮಾರು +1925. ಸಾಲ್ವೇಜ್ ಲೆಕ್ಕದಲ್ಲಿ 83 ಇದ್ದದ್ದು ಇಲ್ಲಿ 1925! ಇಷ್ಟು ಅಂತರ ಕಂಡಾಗ ಪೆನ್ನು ಕೆಳಗಿಡಬೇಕು. 3640 ಎಂದರೆ ತೆರಿಗೆ ನಂತರದ ಲಾಭ 120ರ ಮೂವತ್ತು ಪಟ್ಟು. ಐದು ವರ್ಷದಲ್ಲಿ ಸವೆದುಹೋಗುವ ಯಂತ್ರವಿರುವ ವ್ಯವಹಾರಕ್ಕೆ ಆ ಬೆಲೆ ಯಾರೂ ಕೊಡುವುದಿಲ್ಲ.

ತಪ್ಪು ಇರುವುದು 280ರ ಒಳಗೆ. ಅದರಲ್ಲಿ 160 ಸವಕಳಿ. ಮೊದಲ ಐದು ವರ್ಷ ಅದನ್ನು ಮರಳಿ ಸೇರಿಸಿದ್ದು ಸರಿ, ಏಕೆಂದರೆ ಯಂತ್ರದ ಹಣ ಆರಂಭದಲ್ಲೇ ಹೋಗಿತ್ತು, ಹೊಸ ಖರೀದಿ ಇರಲಿಲ್ಲ. ಆರನೇ ವರ್ಷದಿಂದ ಹಾಗಲ್ಲ. ಯಂತ್ರ ಬದಲಿಸದೆ ಉತ್ಪಾದನೆ ನಡೆಯುವುದಿಲ್ಲ. ಅಂದರೆ ಸೂತ್ರಕ್ಕೆ ಹಾಕಿದ ಸಂಖ್ಯೆ, ಒಂದೇ ಒಂದು ಯಂತ್ರ ಕೊಳ್ಳದೆ ಅನಂತ ಕಾಲ ಲಾಭ ಬರುತ್ತದೆ ಎಂದು ಹೇಳುತ್ತಿದೆ. ಯಾರದೇ ಲೆಕ್ಕ ಪರಿಶೀಲಿಸುವಾಗ ನಾನು ಮೊದಲು ನೋಡುವುದು ಇದನ್ನೇ: ಕೊನೆಯ ವರ್ಷದಲ್ಲಿ ಸವಕಳಿ ಇದ್ದು ಕ್ಯಾಪೆಕ್ಸ್, ಅಂದರೆ ಯಂತ್ರ ಖರೀದಿಯ ಖರ್ಚು, ಸೊನ್ನೆ ಇದೆಯೇ?

ಸರಿಪಡಿಸುವುದು ಹೀಗೆ. ಯಂತ್ರದ ಪುಸ್ತಕ ಮೌಲ್ಯ 1000ದಿಂದ 200ಕ್ಕೆ ಇಳಿಯುತ್ತದೆ. ಪ್ರತಿ ವರ್ಷ ಒಂದಿಷ್ಟು ಯಂತ್ರ ಬದಲಾಗುತ್ತಾ, ಹೊಸದು ಹಳೆಯದು ಬೆರೆತಿರುವ ಘಟಕದಲ್ಲಿ ಸರಾಸರಿ 600 ಇರುತ್ತದೆ. ವರ್ಷದ ಬದಲಿ ಖರ್ಚು ಸವಕಳಿ 160ಕ್ಕೆ ಸರಿಸಮ, ಆದ್ದರಿಂದ ಅವೆರಡೂ ಹೊಡೆದುಹೋಗಿ 120 ಉಳಿಯುತ್ತದೆ. 4% ಬೆಳೆಯಬೇಕಾದರೆ ಯಂತ್ರವೂ ದುಡಿಯುವ ಬಂಡವಾಳವೂ 4% ಬೆಳೆಯಬೇಕು: 600ಕ್ಕೆ 24, 150ಕ್ಕೆ 6, ಒಟ್ಟು 30. ಆರನೇ ವರ್ಷದ ಹರಿವು 124.8 − 30 = 94.8. ಭಾಗ 0.08 ಎಂದರೆ 1185. ಬೆಳವಣಿಗೆ ಬಿಟ್ಟಿ ಸಿಗುವುದಲ್ಲ ಅನ್ನುವುದು ಇಲ್ಲಿ ಅಂಕೆಯಲ್ಲೇ ಕಾಣುತ್ತದೆ. ಈ ಹೂಡಿಕೆಯ ಮೇಲಿನ ಪ್ರತಿಫಲ ಸುಮಾರು 16.6% ಇದೆ, ಅದು 12%ಗಿಂತ ಹೆಚ್ಚಿರುವುದರಿಂದಲೇ ಬೆಳವಣಿಗೆ ಮೌಲ್ಯ ಸೇರಿಸುತ್ತಿದೆ. ಪ್ರತಿಫಲವೂ 12% ಆಗಿದ್ದರೆ g ಎಷ್ಟಿಟ್ಟರೂ ಮೌಲ್ಯ ಕದಲುತ್ತಿರಲಿಲ್ಲ.

ಇನ್ನೊಂದು ಸೂಕ್ಷ್ಮವಿದೆ, ಇದು ಅನುಭವಿಗಳಿಗೂ ತಪ್ಪಿಹೋಗುತ್ತದೆ. 1185 ಎನ್ನುವುದು ಯಂತ್ರಗಳ ಪುಸ್ತಕ ಮೌಲ್ಯ 600 ಇರುವ ಘಟಕದ ಬೆಲೆ. ನಮ್ಮ ಕೈಯಲ್ಲಿ ಆ ದಿನ ಇರುವುದು 200ರ ಹಳೆಯ ಯಂತ್ರ. ಆ ಸ್ಥಿತಿಗೆ ತರಲು ಒಮ್ಮೆಗೇ ಇನ್ನೂ 400 ಹಾಕಬೇಕು. ಅದನ್ನು ಕಳೆದರೆ 785.

ಈಗ g ಕಡೆಗೆ ಬರೋಣ. ಐದು ವರ್ಷ ಲಾಭ 160ರಲ್ಲೇ ನಿಂತಿದೆ. ಆರನೇ ವರ್ಷದಿಂದ ಏಕಾಏಕಿ 4% ಏಕೆ ಬೆಳೆಯಬೇಕು? ಬೆಲೆ ಏರಿಕೆ ಕಾರಣ ಎನ್ನುವುದಾದರೆ ಮೊದಲ ಐದು ವರ್ಷದ ಹರಿವಿನಲ್ಲೂ ಅದು ಕಾಣಬೇಕಿತ್ತು. ಬೆಲೆ ಏರಿಕೆ ಸೇರಿದ ಡಿಸ್ಕೌಂಟ್ ದರಕ್ಕೆ ಬೆಲೆ ಏರಿಕೆ ಸೇರಿದ ಹರಿವು, ಸೇರದ ದರಕ್ಕೆ ಸೇರದ ಹರಿವು, ಎರಡನ್ನು ಬೆರೆಸಬಾರದು. ಬೇರೆ ಆಧಾರವಿಲ್ಲದಿದ್ದರೆ g ಸೊನ್ನೆ ಎಂದೇ ಇಡುವುದು ನನ್ನ ಅಭಿಪ್ರಾಯ. ಆಗ 120ನ್ನು 0.12ರಿಂದ ಭಾಗಿಸಿ 1000, ಅದರಿಂದ 400 ಕಳೆದು 600. ವರ್ತಮಾನ ಮೌಲ್ಯ 340, ಎನ್‌ಪಿವಿ ಸುಮಾರು +200.

3640ರಿಂದ 600ಕ್ಕೆ ಇಳಿದ ಮೇಲೂ ಅದು ಸಾಲ್ವೇಜಿನ 395ಕ್ಕಿಂತ ಹೆಚ್ಚು. ಹಾಗಾಗಿ ಮಾರುಕಟ್ಟೆ ಮುಂದುವರಿಯುವ ನಂಬಿಕೆ ಇದ್ದರೆ ನಡೆಸುವುದೇ ಲಾಭ, ಕೊನೆಯ ಸಾಲಿಗೆ 600. ಐದನೇ ವರ್ಷದಲ್ಲಿ ಮುಚ್ಚುವ ಆಯ್ಕೆ ಮಾಲೀಕರ ಕೈಯಲ್ಲೇ ಇರುವುದರಿಂದ ಎರಡರಲ್ಲಿ ದೊಡ್ಡದನ್ನು ಹಾಕುವುದು ಸರಿ. ಆದರೆ ಗುತ್ತಿಗೆಯೋ ಪರವಾನಗಿಯೋ ಐದು ವರ್ಷಕ್ಕೇ ಮುಗಿಯುವುದಾದರೆ ಆ ಆಯ್ಕೆ ಇಲ್ಲ, 395 ಮಾತ್ರ. ಮುಂದುವರಿಯುವ ಪರಿಸ್ಥಿತಿಯಲ್ಲಿ 600ರ ಜೊತೆ ಯಂತ್ರದ 245ನ್ನಾಗಲಿ ದುಡಿಯುವ ಬಂಡವಾಳದ 150ನ್ನಾಗಲಿ ಸೇರಿಸಬೇಡಿ. ಆ ಯಂತ್ರ ಇನ್ನೂ ಓಡುತ್ತಿದೆ, ಆ 150 ಇನ್ನೂ ಸ್ಟಾಕಿನಲ್ಲಿ ಸಿಕ್ಕಿಕೊಂಡಿದೆ.