ವಿಳಾಸವನ್ನು ಕೆಳಗಿನಿಂದ ಮೇಲಕ್ಕೆ ಓದಿದ ಕಥೆ

ಲಕೋಟೆಯ ಫೋಟೋದಿಂದ ಬೀದಿ, ಊರು, ಪಿನ್‌ಕೋಡ್ ಬೇರೆ ಬೇರೆ ಮಾಡಿ ಕೊಡಿ ಅಂದರೆ, ಮೊದಲು ಅಕ್ಷರ ಓದು, ಆಮೇಲೆ ತುಂಡು ಮಾಡು ಅನ್ನಿಸುತ್ತದೆ ಅಲ್ವಾ? ಈ ಕೆಲಸ ಮೊದಲು ಕೈಗೂಡಿದ್ದು ಹಾಗಲ್ಲ.

ಅಮೆರಿಕದಲ್ಲಿ 1963ರಲ್ಲಿ, ನಮ್ಮ ಪಿನ್‌ಕೋಡ್‌ನಂಥದ್ದೇ ಐದಂಕಿಯ ಜಿಪ್ ಕೋಡ್ ಬಂತು. 1989ರಲ್ಲಿ ಕಂಪ್ಯೂಟರ್ ವಿಜ್ಞಾನಿ ಯಾನ್ ಲೆಕುನ್ ಮತ್ತು ಜೊತೆಯವರು, ಅಲ್ಲಿನ ಬಫಲೋ ಅಂಚೆಯ ಲಕೋಟೆಗಳಿಂದ ಕತ್ತರಿಸಿದ 9,298 ಅಂಕಿಗಳ ಮೇಲೆ ನ್ಯೂರಲ್ ನೆಟ್‌ವರ್ಕ್ ಪಳಗಿಸಿ ಪರೀಕ್ಷಿಸಿದರು. ಆದರೆ ಅಂಕಿ ಓದಿದರೆ ಬೀದಿ ಸಿಗುವುದಿಲ್ಲವಲ್ಲ. ಬೀದಿಯ ಗಂಟು ಬಿಡಿಸಿದ್ದು 90ರ ದಶಕದಲ್ಲಿ, ಬಫಲೋ ವಿಶ್ವವಿದ್ಯಾಲಯದಲ್ಲಿ ಸರ್ಗೂರ್ ಶ್ರೀಹರಿ ಅವರ ತಂಡ. ಇವರ ವಿಧಾನವೇ ನನಗೆ ಇವತ್ತಿಗೂ ಇಷ್ಟ.

ಮೊದಲು ಕೊನೆಯ ಸಾಲಿನ ಕೋಡ್. ಆಮೇಲೆ ಮನೆ ನಂಬರ್. ಇವೆರಡನ್ನು ಅಂಚೆಯ ವಿಳಾಸ ಪಟ್ಟಿಗೆ ಕೊಟ್ಟರೆ, ಆ ಕೋಡ್‌ನಲ್ಲಿ ಆ ನಂಬರಿನ ಮನೆ ಇರುವ ಬೀದಿಗಳಷ್ಟೇ ಉಳಿಯುತ್ತವೆ. ಬೀದಿಯ ಹೆಸರು ಓದುವ ಗೋಜೇ ಇಲ್ಲ, ಗೀಚಿದ ಪದ ಈ ಕೆಲವೇ ಹೆಸರುಗಳಲ್ಲಿ ಯಾವುದನ್ನು ಹೋಲುತ್ತದೆ ಅಂತ ನೋಡಿದರೆ ಸಾಕು.

ಒಂದು ಉದಾಹರಣೆ ಕಟ್ಟೋಣ. ಕೋಡ್‌ನ ಒಂದು ಅಂಕಿ 1 ಇರಬಹುದು, 7 ಇರಬಹುದು. ಮನೆ ನಂಬರ್ 276. ಅದು 1 ಆದರೆ 276 ಇರುವ ಬೀದಿಗಳು ಎಂಟು, 7 ಆದರೆ ಮೂರು. ಗೀಚಿದ ಪದದ ಮಧ್ಯೆ ಒಂದು ಬಾಲ ಕೆಳಗಿಳಿದಿದೆ, ಅದರ ಪಕ್ಕ ಒಂದು ಗೆರೆ ಮೇಲೆದ್ದಿದೆ. ಹನ್ನೊಂದರಲ್ಲಿ Maple ಮಾತ್ರ ಹೊಂದುತ್ತದೆ, ಅದು 7ರ ಪಟ್ಟಿಯಲ್ಲಿದೆ. ಬೀದಿ ಸಿಕ್ಕಿತು, ಜೊತೆಗೆ ಅಂಕಿಯ ಅನುಮಾನವೂ ಹೋಯಿತು.

ಎಡವುವುದೂ ಇಲ್ಲೇ. 276ನ್ನು 216 ಅಂತ ಓದಿಬಿಟ್ಟರೆ ಸರಿಯಾದ ಬೀದಿ ಪಟ್ಟಿಗೇ ಬರದೆ ಇರಬಹುದು, ಆಗ ಯಂತ್ರ ಇದ್ದುದರಲ್ಲೇ ಒಂದನ್ನು ಹಿಡಿದುಕೊಳ್ಳುತ್ತದೆ. ಸುಳಿವು, ಪ್ರತಿ ಹೆಸರಿಗೂ ಯಂತ್ರ ಕೊಡುವ ಹೋಲಿಕೆಯ ಅಂಕದಲ್ಲಿದೆ: ಮೊದಲ ಹೆಸರಿಗೂ ಎರಡನೆಯದಕ್ಕೂ ಅಂತರ ಕಡಿಮೆ, ಅಥವಾ ಎರಡೂ ಕಳಪೆ. ಅಂಥ ಚಿತ್ರಗಳು ದೂರದ ಕೇಂದ್ರಗಳಿಗೆ ಹೋಗುತ್ತಿದ್ದವು, ಅಲ್ಲಿ ಜನ ಪರದೆ ನೋಡಿ ಟೈಪ್ ಮಾಡುತ್ತಿದ್ದರು.

ಒಂದು ವಿಷಯ ಮರೆಯುತ್ತೇವೆ. ಅಂಚೆಗೆ ಬೇಕಿದ್ದದ್ದು ಲಕೋಟೆ ವಿಂಗಡಿಸಲು ಒಂದು ಬಾರ್‌ಕೋಡ್, ಬರೆದವರು ಏನು ಬರೆದರು ಅನ್ನುವುದಲ್ಲ. ಈಗ ನಮಗೆ ಬೇಕಿರುವುದು ಆ ಬರೆದದ್ದೇ, ಖಾನೆ ಖಾನೆಯಾಗಿ. ಇಡೀ ಫೋಟೋ ನುಂಗಿ ಒಮ್ಮೆಲೇ ಖಾನೆ ತುಂಬುವ ಹೊಸ AI ಮಾಡೆಲ್‌ಗಳು ಜಾಸ್ತಿ ಚೆನ್ನಾಗಿ ಓದುತ್ತವೆ, ನಿಜ. ಆದರೆ ಬರೆದವರು ಕೋಡ್ ತಪ್ಪಾಗಿ ಬರೆದಿದ್ದರೆ, ಊರಿನ ಹೆಸರು ನೋಡಿ ಸುಮ್ನೆ ತಿದ್ದಿಬಿಡುವುದೂ ಉಂಟು. ಮೂಲೆಯಲ್ಲಿರುವ ಕಳಿಸಿದವರ ಊರು ಪಡೆಯುವವರ ಖಾನೆಗೆ ಬಂದು ಕೂರುವುದೂ ಉಂಟು. ಅದಕ್ಕೇ ಪ್ರತಿ ಖಾನೆಗೂ ಎರಡು ಜಾಗ ಇರಬೇಕು: ಬರೆದದ್ದು ಒಂದರಲ್ಲಿ, ಪಟ್ಟಿಯ ಪ್ರಕಾರ ತಿದ್ದಿದ್ದು ಇನ್ನೊಂದರಲ್ಲಿ. ಎರಡೂ ಹೊಂದದ ಲಕೋಟೆಗಳನ್ನು ಮಾತ್ರ ಒಬ್ಬರು ಕೂತು ನೋಡಿದರಾಯಿತು.