ಬೆಳಗಿನ ಜಾವದ ಫೈನಲ್‌ಗೆ ಪ್ರಾಯೋಜಕರು ಏಕೆ ಬರಬೇಕು?

ದಾವಣಗೆರೆ ಕಡೆ ಹೊನಲು ಬೆಳಕಿನ ಕಬಡ್ಡಿ ಎಂದರೆ ಸಾಮಾನ್ಯವಾಗಿ ಒಂದೇ ರಾತ್ರಿಯ ನಾಕೌಟ್. 32 ತಂಡ ಬಂದರೆ ಪ್ರವೇಶ ಶುಲ್ಕ ಚೆನ್ನಾಗಿ ಸೇರುತ್ತದೆ, ಆದರೆ 31 ಪಂದ್ಯ ಆಡಿಸಬೇಕಾಗುತ್ತದೆ. ಸಮಯ ಮೊಟಕು ಮಾಡಿ ಪಂದ್ಯಕ್ಕೆ ಅರ್ಧ ಗಂಟೆ ಇಟ್ಟರೂ, ಎರಡು ಅಂಕಣ ಹಾಕಿದರೂ ಸುಮಾರು ಎಂಟು ಗಂಟೆ. ಸಂಜೆ ಏಳಕ್ಕೆ ಶುರುವಾದರೆ ಫೈನಲ್ ಬೆಳಗಿನ ಜಾವಕ್ಕೆ. ಹಣ ಕೊಟ್ಟ ಅಂಗಡಿಯವರ ಫ್ಲೆಕ್ಸ್ ಖಾಲಿ ಕುರ್ಚಿಗಳ ಎದುರು ನಿಂತಿರುತ್ತದೆ. ಮುಂದಿನ ವರ್ಷ ಅವರು ಕೈ ಹಿಂದೆಗೆದರೆ ತಪ್ಪು ಅವರದಲ್ಲ.

ನಾನು ಸಂಘಟಕರಿಗೆ ಹೇಳುವುದು ತಾಲ್ಲೂಕು ಲೀಗ್ ಮಾಡಿ ಎಂದು. ದಾವಣಗೆರೆ, ಹರಿಹರ, ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ: ಜಿಲ್ಲೆಯ ಆರು ತಾಲ್ಲೂಕಿಗೆ ಆರು ತಂಡ. ಎಲ್ಲರೂ ಎಲ್ಲರೊಂದಿಗೆ ಆಡಿದರೆ 15 ಪಂದ್ಯ, ಸಂಜೆಗೆ ಮೂರರಂತೆ ಐದು ಸಂಜೆ. 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ವಿರಾಮ, ಟೈಮ್‌ಔಟ್ ಎಲ್ಲ ಸೇರಿ ಪಂದ್ಯಕ್ಕೆ ಒಂದು ಗಂಟೆ. ಆರೂವರೆಗೆ ಶುರು ಮಾಡಿದರೆ ಒಂಬತ್ತೂವರೆಗೆ ಮುಗಿಯುತ್ತದೆ, ಹತ್ತರ ನಂತರದ ಧ್ವನಿವರ್ಧಕದ ನಿರ್ಬಂಧವೂ ಅಡ್ಡ ಬರುವುದಿಲ್ಲ. ಆರನೇ ಸಂಜೆ ಮೊದಲೆರಡು ಸ್ಥಾನದವರ ಫೈನಲ್. ಸೆಮಿಫೈನಲ್ ಬೇಡ, ಆರರಲ್ಲಿ ನಾಲ್ಕು ತಂಡ ಮುಂದೆ ಹೋಗುವುದಾದರೆ ಲೀಗ್ ಪಂದ್ಯ ನೋಡಲು ಯಾರು ಬರುತ್ತಾರೆ?

ಲೀಗ್ ದಾವಣಗೆರೆಯಲ್ಲಿ ನಡೆದರೆ ಜಗಳೂರು, ನ್ಯಾಮತಿಯ ಪಂದ್ಯ ಮೊದಲು ಆಡಿಸಿ, ದೂರದಿಂದ ಬಂದವರು ಊರಿಗೆ ಮರಳಬೇಕು. ದಾವಣಗೆರೆ ತಂಡದ ಪಂದ್ಯವನ್ನು ಆದಷ್ಟು ಕೊನೆಗಿಡಿ.

ಅಂಕದ ಲೆಕ್ಕದಲ್ಲೂ ಜನ ಹಿಡಿದಿಡುವ ಗುಟ್ಟಿದೆ. ಪ್ರೊ ಕಬಡ್ಡಿಯಲ್ಲಿ ಹಲವು ವರ್ಷ ಗೆದ್ದವರಿಗೆ 5, ಸಮವಾದರೆ ತಲಾ 3, ಏಳು ಅಥವಾ ಅದಕ್ಕಿಂತ ಕಡಿಮೆ ಅಂಕದಿಂದ ಸೋತವರಿಗೆ 1 ಅಂಕ ಸಿಗುತ್ತಿತ್ತು. ಅದನ್ನೇ ಇಟ್ಟುಕೊಳ್ಳಿ. ಮೂರು ನಿಮಿಷ ಉಳಿದಿದೆ, ಹೊನ್ನಾಳಿ 11 ಅಂಕ ಹಿಂದಿದೆ ಎಂದುಕೊಳ್ಳಿ. ಗೆಲುವು ಹೆಚ್ಚುಕಡಿಮೆ ಕೈತಪ್ಪಿದೆ, ಆದರೆ ಇನ್ನು ನಾಲ್ಕು ಅಂಕ ಹತ್ತಿರ ಬಂದರೆ ಪಟ್ಟಿಯಲ್ಲಿ ಒಂದು ಅಂಕ ಉಂಟು. ರೈಡರ್ ಬೋನಸ್ ಗೆರೆಗೆ ಕಾಲು ಚಾಚುತ್ತಾನೆ, ಎದುರಾಳಿ ತಂಡ ಸಮಯ ತಳ್ಳಲು ನೋಡುತ್ತದೆ, ಹೊನ್ನಾಳಿಯವರು ಸೀಟು ಬಿಟ್ಟು ಏಳುವುದಿಲ್ಲ.

ಈಗ ಪ್ರಾಯೋಜಕರ ಮಾತು. ಒಂದೇ ಫ್ಲೆಕ್ಸ್‌ನಲ್ಲಿ ಇಪ್ಪತ್ತು ಹೆಸರು ತುರುಕಿದರೆ ಯಾವುದೂ ಕಣ್ಣಿಗೆ ಬೀಳದು. ತಂಡಕ್ಕೊಬ್ಬರನ್ನು ಹಿಡಿಯಿರಿ: ಚನ್ನಗಿರಿ ತಂಡಕ್ಕೆ ಅಡಿಕೆ ವ್ಯಾಪಾರಿ, ಜಗಳೂರಿಗೆ ಮೆಕ್ಕೆಜೋಳದ ಬೀಜ ಮಾರುವವರು. ಅವರ ಗಿರಾಕಿಗಳೇ ಆ ತಂಡದ ಅಭಿಮಾನಿಗಳು. ಒಂದು ವ್ಯಾಪಾರಕ್ಕೆ ಒಬ್ಬರೇ ಪ್ರಾಯೋಜಕರು ಎಂದು ಬರೆದುಕೊಡಿ. ಪ್ರತಿದಿನ ಎರಡನೇ ಪಂದ್ಯದ ವಿರಾಮದಲ್ಲಿ ಒಂದೇ ಜಾಗದಿಂದ ಪ್ರೇಕ್ಷಕರ ಫೋಟೊ ತೆಗೆದು, ತಲೆ ಎಣಿಸಿ, ಮರುದಿನ ಬೆಳಿಗ್ಗೆ ಪ್ರಾಯೋಜಕರಿಗೆ ಕಳಿಸಿ.

ಇದು ಕೆಡುವುದು ಬಾಡಿಗೆ ಆಟಗಾರರಿಂದ. ಆರೂ ತಂಡದಲ್ಲಿ ಹೊರಗಿನವರೇ ತುಂಬಿದರೆ ತಾಲ್ಲೂಕಿನ ಹೆಸರು ಜರ್ಸಿಗಷ್ಟೇ ಉಳಿಯುತ್ತದೆ, ಜನರೂ ಮೂರನೇ ಸಂಜೆಗೇ ಕರಗುತ್ತಾರೆ. 12 ಜನರ ಪಟ್ಟಿಯಲ್ಲಿ ಹೊರಗಿನವರು ಇಬ್ಬರು ಮಾತ್ರ ಎಂದು ನಿಯಮ ಮಾಡಿ, ಮೊದಲ ದಿನ ತೂಕ ಹಾಕುವಾಗಲೇ ಎಲ್ಲ ತಂಡದ ನಾಯಕರ ಎದುರು ವಿಳಾಸದ ದಾಖಲೆ ನೋಡಿ ಸಹಿ ಹಾಕಿಸಿಕೊಳ್ಳಿ.