ಹನ್ನೆರಡು ಅಂಗುಲದ ಕಡ್ಡಿಯಲ್ಲಿ ಹಗಲಿನ ಲೆಕ್ಕ

ಜೂನ್ 21ರಂದು ಬೆಂಗಳೂರಿನ ಹಗಲು ಸುಮಾರು 12 ಗಂಟೆ 53 ನಿಮಿಷ. ಅದೇ ದಿನ ದೆಹಲಿಯಲ್ಲಿ ಹಗಲು ಒಂದು ಗಂಟೆಗೂ ಜಾಸ್ತಿ ಉದ್ದ. ಈ ವ್ಯತ್ಯಾಸ ನಮ್ಮ ಪಂಚಾಂಗದವರಿಗೆ ಹಳೆಯ ತಲೆನೋವು.

ಎರಡು ಸಾವಿರ ವರ್ಷಕ್ಕೂ ಹಳೆಯದಾದ ವೇದಾಂಗ ಜ್ಯೋತಿಷದಲ್ಲಿ ಅತಿ ಉದ್ದದ ಹಗಲು 18 ಮುಹೂರ್ತ, ಅತಿ ಗಿಡ್ಡದ್ದು 12. ಮುಹೂರ್ತ ಅಂದರೆ 48 ನಿಮಿಷ. ಅಲ್ಲಿಗೆ ದೊಡ್ಡ ಹಗಲು 14 ಗಂಟೆ 24 ನಿಮಿಷ ಆಯಿತು. ಇದು ಕಾಶ್ಮೀರದ ಕಡೆಗೆ ಸರಿ, ನಮಗೆ ಅಲ್ಲ. ಹಗಲು ದಿನವೂ ಒಂದೇ ಅಳತೆಯಲ್ಲಿ ಬೆಳೆಯುತ್ತದೆ ಅನ್ನುವ ಲೆಕ್ಕವೂ ಅದರಲ್ಲಿತ್ತು. ಅದೂ ತಪ್ಪು.

ಆಮೇಲೆ ಬಂದವರು ಊರಿನ ಅಳತೆಯನ್ನೇ ಲೆಕ್ಕದೊಳಗೆ ತಂದರು. ಮಾರ್ಚ್ 21ರ ಸುಮಾರಿಗೆ, ನಡು ಮಧ್ಯಾಹ್ನ, 12 ಅಂಗುಲದ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ ನೆರಳು ಅಳೆಯಬೇಕು. ಈ ನೆರಳಿಗೆ ಪಲಭೆ ಅಂತ ಹೆಸರು. ಗಣೇಶ ದೈವಜ್ಞ 1520ರ ಗ್ರಹಲಾಘವ ಅನ್ನುವ ಖಗೋಳ ಗ್ರಂಥದಲ್ಲಿ ಕೊಟ್ಟ ಸೂತ್ರ ಇಷ್ಟೇ: ಪಲಭೆಯನ್ನು ಮಾರ್ಚ್ 21ರಿಂದಾಚೆಗಿನ ಮೊದಲ ತಿಂಗಳಿಗೆ 10ರಿಂದ, ಎರಡನೆಯದಕ್ಕೆ 8ರಿಂದ, ಮೂರನೆಯದಕ್ಕೆ ಮೂರೂ ಒಂದು ಮೂರಾಂಶದಿಂದ ಗುಣಿಸಿ. ಬರುವುದು ವಿಘಳಿಗೆ, ಒಂದಕ್ಕೆ 24 ಸೆಕೆಂಡು. ಸೂರ್ಯ ಬೆಳಿಗ್ಗೆ ಅಷ್ಟು ಬೇಗ ಹುಟ್ಟುತ್ತಾನೆ, ಸಂಜೆ ಅಷ್ಟೇ ತಡವಾಗಿ ಮುಳುಗುತ್ತಾನೆ.

ಬೆಂಗಳೂರಿನ ಮಹಡಿಯಲ್ಲಿ ನೆರಳು ಎರಡೂ ಮುಕ್ಕಾಲು ಅಂಗುಲ ಸಿಗುತ್ತದೆ. ಗುಣಿಸಿ ನೋಡಿ: ಮೊದಲ ತಿಂಗಳು ಹಗಲು 22 ನಿಮಿಷ ಬೆಳೆಯಿತು, ಎರಡನೆಯದರಲ್ಲಿ ಸುಮಾರು 18, ಜೂನ್ ಹೊತ್ತಿಗೆ ಬರೀ 7. ಒಟ್ಟು 47. ಇವತ್ತಿನ ತ್ರಿಕೋನಮಿತಿ 46 ಅನ್ನುತ್ತದೆ. ಕಡ್ಡಿಗೆ ಇದಕ್ಕಿಂತ ಜಾಸ್ತಿ ಇನ್ನೇನು ಬೇಕು? (ಮೊದಲು ಹೇಳಿದ 53ರಲ್ಲಿ ಮಿಕ್ಕ ಏಳು ನಿಮಿಷ ಬೇರೆ ಕಥೆ. ಗಾಳಿ ಬೆಳಕನ್ನು ಬಗ್ಗಿಸುತ್ತದೆ, ಸೂರ್ಯನ ಮೇಲಂಚು ಕಂಡರೂ ನಾವು ಹಗಲು ಅನ್ನುತ್ತೇವೆ.)

ಈಗ ಅದೇ ಕಡ್ಡಿಯನ್ನು ಭೂಮಧ್ಯರೇಖೆಯ ಮೇಲಿರುವ ಇಂಡೋನೇಷ್ಯಾದ ಪೊಂಟಿಯಾನಕ್‌ಗೆ ಒಯ್ಯಿರಿ. ಆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ, ನೆರಳು ಸೊನ್ನೆ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ ಅಲ್ವಾ? ಅಲ್ಲಿ ಆಕಾಶದ ಎರಡು ಧ್ರುವಗಳೂ ದಿಗಂತಕ್ಕೆ ತಾಗಿಕೊಂಡಿರುತ್ತವೆ. ಸೂರ್ಯ ಉತ್ತರಕ್ಕೆ ಸರಿಯಲಿ, ದಕ್ಷಿಣಕ್ಕೆ ಸರಿಯಲಿ, ಅವನ ದಿನದ ಸುತ್ತನ್ನು ದಿಗಂತ ಸರಿಯಾಗಿ ಅರ್ಧಕ್ಕೆ ಕತ್ತರಿಸುತ್ತದೆ. ಹಾಗಾಗಿ ಹಗಲು ವರ್ಷಪೂರ್ತಿ 12 ಗಂಟೆ, ಮೇಲೆ ಆ ಏಳು ನಿಮಿಷ. ಉತ್ತರಕ್ಕೆ ಹೋದಷ್ಟೂ ದಿಗಂತ ಓರೆಯಾಗಿ ಕತ್ತರಿಸುತ್ತದೆ. ಬೇಸಿಗೆಯಲ್ಲಿ ಸುತ್ತಿನ ದೊಡ್ಡ ಪಾಲು ಮೇಲೆ ಉಳಿಯುತ್ತದೆ, ಚಳಿಗಾಲದಲ್ಲಿ ಚಿಕ್ಕದು.

ತೀರಾ ಉತ್ತರಕ್ಕೆ ಹೋದರೆ ಮಾತ್ರ ಗುಣಾಕಾರ ಕೈಕೊಡುತ್ತದೆ. ಲಂಡನ್‌ನಲ್ಲಿ ತಪ್ಪು ಏಳೆಂಟು ನಿಮಿಷ. ನಾರ್ವೆಯ ಟ್ರೊಮ್ಸೊದಲ್ಲಿ ನೆರಳು 32 ಅಂಗುಲ ದಾಟುತ್ತದೆ, ಸೂತ್ರ ಸುಮಾರು 21 ಗಂಟೆಯ ಹಗಲು ಅನ್ನುತ್ತದೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ.